ಕೋಳಿಮರಿಗಳಿಂದ ಹಸುಗೂಸಿನವರೆಗೆ: ವಿಟಮಿನ್ ಕೆ ಕಂಡುಹಿಡಿದ ಹೆನ್ರಿಕ್ ಡಾಮ್

ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಮಗುವಿನ ತೊಡೆಗೆ ಒಂದು ಪುಟ್ಟ ಇಂಜೆಕ್ಷನ್ ಕೊಡುತ್ತಾರೆ. ಹೆಚ್ಚಿನವರು ಅದನ್ನು ಲಸಿಕೆ ಎಂದುಕೊಳ್ಳುತ್ತಾರೆ. ಅದು ಲಸಿಕೆಯಲ್ಲ, ವಿಟಮಿನ್ ಕೆ. ಚೆನ್ನಾಗಿ ಅಳುತ್ತಾ, ಹಾಲು ಕುಡಿಯುತ್ತಾ ಇರುವ ಮಗುವಿಗೆ ಇದು ಏಕೆ ಬೇಕು? ಉತ್ತರ ತಿಳಿಯಲು ನಾವು ಡೆನ್ಮಾರ್ಕಿನ ವಿಜ್ಞಾನಿ ಹೆನ್ರಿಕ್ ಡಾಮ್ ಅವರ ಬದುಕನ್ನು ನೋಡೋಣ.

ಡಾಮ್ ಹುಟ್ಟಿದ್ದು 1895ರಲ್ಲಿ, ಕೋಪನ್‌ಹೇಗನ್ ನಗರದಲ್ಲಿ. ತಂದೆ ಔಷಧ ವ್ಯಾಪಾರಿ, ತಾಯಿ ಶಿಕ್ಷಕಿ. ಡಾಮ್ ಹುಟ್ಟುವ ಹಿಂದಿನ ವರ್ಷವಷ್ಟೇ ಅಮೆರಿಕದ ಬಾಸ್ಟನ್ನಿನ ವೈದ್ಯ ಚಾರ್ಲ್ಸ್ ಟೌನ್‌ಸೆಂಡ್, ಹುಟ್ಟಿದ ಮೊದಲ ದಿನಗಳಲ್ಲೇ ರಕ್ತಸ್ರಾವವಾದ 50 ಶಿಶುಗಳ ವಿವರವನ್ನು ಪ್ರಕಟಿಸಿದ್ದರು. ಕೆಲವು ಮಕ್ಕಳಿಗೆ ಹೊಕ್ಕುಳಿನಿಂದ, ಕೆಲವರಿಗೆ ಮೂಗಿನಿಂದ, ಇನ್ನು ಕೆಲವರಿಗೆ ಕರುಳಿನಿಂದ ರಕ್ತ ಹೋಗುತ್ತಿತ್ತು. ವಂಶದಲ್ಲಿ ಬರುವ ಹಿಮೋಫಿಲಿಯಾ ಇದಲ್ಲ ಎಂಬುದು ಅವರಿಗೆ ಗೊತ್ತಾಗಿತ್ತು. ಕಾರಣ ಮಾತ್ರ ಗೊತ್ತಿರಲಿಲ್ಲ.

ರಸಾಯನಶಾಸ್ತ್ರ ಓದಿದ ಡಾಮ್ ಈ ಕಾರಣವನ್ನು ಹುಡುಕಿ ಹೊರಟವರೇನಲ್ಲ. 1920ರ ದಶಕದ ಕೊನೆಯಲ್ಲಿ ಅವರು ಬೇರೆಯದೇ ಪ್ರಶ್ನೆಯ ಬೆನ್ನು ಹತ್ತಿದ್ದರು: ಕೋಳಿಮರಿ ತನಗೆ ಬೇಕಾದ ಕೊಲೆಸ್ಟ್ರಾಲನ್ನು ತಾನೇ ತಯಾರಿಸಿಕೊಳ್ಳಬಲ್ಲದೇ? ಇದನ್ನು ತಿಳಿಯಲು ಮರಿಗಳಿಗೆ ಕೊಬ್ಬಿನ ಅಂಶವನ್ನು ತೆಗೆದುಹಾಕಿದ ಆಹಾರ ಕೊಟ್ಟರು. ಮರಿಗಳು ಕೊಲೆಸ್ಟ್ರಾಲ್ ತಯಾರಿಸಿಕೊಂಡವು. ಆದರೆ ಎರಡು ಮೂರು ವಾರ ಕಳೆಯುವಷ್ಟರಲ್ಲಿ ಕೆಲವು ಮರಿಗಳ ಚರ್ಮದಡಿ, ಸ್ನಾಯುಗಳಲ್ಲಿ ರಕ್ತ ಸೋರತೊಡಗಿತು. ಅವುಗಳಿಂದ ತೆಗೆದ ರಕ್ತ ಹೆಪ್ಪುಗಟ್ಟಲು ಬಹಳ ಹೊತ್ತು ಹಿಡಿಯುತ್ತಿತ್ತು.

ಮೊದಲು ಬಂದ ಅನುಮಾನ ಸ್ಕರ್ವಿಯದು. ಆದರೆ ವಿಟಮಿನ್ ಸಿ ಕೊಟ್ಟರೂ ರಕ್ತಸ್ರಾವ ನಿಲ್ಲಲಿಲ್ಲ. ಆಗ ಗೊತ್ತಿದ್ದ ಬೇರೆ ವಿಟಮಿನ್ನುಗಳಿಂದಲೂ ಫಲ ಸಿಗಲಿಲ್ಲ. ಹಸಿರು ಸೊಪ್ಪು ಮತ್ತು ಹಂದಿಯ ಪಿತ್ತಜನಕಾಂಗ ತಿಂದ ಮರಿಗಳು ಮಾತ್ರ ಉಳಿದುಕೊಂಡವು. ಆಹಾರದಿಂದ ಕೊಬ್ಬನ್ನು ತೆಗೆಯುವಾಗ ಕೊಬ್ಬಿನಲ್ಲಿ ಕರಗುವ ಇನ್ನೊಂದು ವಸ್ತುವೂ ಹೊರಟುಹೋಗಿತ್ತು. 1935ರಲ್ಲಿ ಡಾಮ್ ಅದಕ್ಕೆ ವಿಟಮಿನ್ ಕೆ ಎಂದು ಹೆಸರಿಟ್ಟರು. ಡೇನಿಶ್ ಮತ್ತು ಜರ್ಮನ್ ಭಾಷೆಗಳಲ್ಲಿ ಹೆಪ್ಪುಗಟ್ಟುವಿಕೆಗೆ ಇರುವ ಪದ ಕೆ ಅಕ್ಷರದಿಂದ ಶುರುವಾಗುತ್ತದೆ. 1939ರಲ್ಲಿ ಸ್ವಿಟ್ಜರ್ಲೆಂಡಿನ ಪೌಲ್ ಕಾರರ್ ಅವರ ಜೊತೆ ಸೇರಿ ಡಾಮ್ ಕುದುರೆಮೆಂತೆ ಸೊಪ್ಪಿನಿಂದ ಆ ವಸ್ತುವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದೇ ಹೊತ್ತಿಗೆ ಅಮೆರಿಕದಲ್ಲಿ ಎಡ್ವರ್ಡ್ ಡಾಯ್ಸಿ ಅದನ್ನು ಬೇರ್ಪಡಿಸಿ, ಅದರ ರಾಸಾಯನಿಕ ರಚನೆಯನ್ನೂ ಬಿಡಿಸಿದರು.

ಇಷ್ಟಾದ ಮೇಲೆ ಕೋಳಿಮರಿಯ ಕಥೆ ಹಸುಗೂಸಿನ ಕಥೆಯಾಯಿತು. ಗರ್ಭದಲ್ಲಿರುವಾಗ ತಾಯಿಯಿಂದ ಮಗುವಿಗೆ ವಿಟಮಿನ್ ಕೆ ದಾಟುವುದು ಬಹಳ ಕಡಿಮೆ. ದೊಡ್ಡವರ ಕರುಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಈ ವಿಟಮಿನ್ ತಯಾರಿಸುತ್ತವೆ. ಆಗಷ್ಟೇ ಹುಟ್ಟಿದ ಮಗುವಿನ ಕರುಳಿನಲ್ಲಿ ಅವು ಇನ್ನೂ ನೆಲೆಯೂರಿರುವುದಿಲ್ಲ. ಎದೆಹಾಲಿನಲ್ಲೂ ಅದು ಲೀಟರಿಗೆ ಕೆಲವೇ ಮೈಕ್ರೋಗ್ರಾಂನಷ್ಟಿರುತ್ತದೆ. ಎದೆಹಾಲಿಗೆ ಸಮನಾದುದು ಬೇರೊಂದಿಲ್ಲ, ಆದರೆ ಈ ಒಂದು ಕೊರತೆಯನ್ನು ಅದು ತುಂಬಲಾರದು. 1930ರ ದಶಕದ ಕೊನೆಯಿಂದ ಡಾಮ್ ಮತ್ತು ಬೇರೆ ದೇಶಗಳ ಸಂಶೋಧಕರು ನವಜಾತ ಶಿಶುಗಳ ರಕ್ತವನ್ನು ಪರೀಕ್ಷಿಸಿ, ಟೌನ್‌ಸೆಂಡ್ ಕಂಡಿದ್ದ ಕಾಯಿಲೆಯ ಹಿಂದೆ ಇದೇ ಕೊರತೆ ಇದೆ ಎಂದು ತೋರಿಸಿದರು.

1940ರಲ್ಲಿ ಜರ್ಮನಿ ಡೆನ್ಮಾರ್ಕನ್ನು ಆಕ್ರಮಿಸಿತು. ಉಪನ್ಯಾಸಗಳಿಗೆಂದು ಆ ವರ್ಷ ಅಮೆರಿಕಕ್ಕೆ ಹೋದ ಡಾಮ್, ಯುದ್ಧ ಮುಗಿಯುವವರೆಗೂ ಅಲ್ಲೇ ಸಂಶೋಧನೆ ಮಾಡಿಕೊಂಡು ಉಳಿದರು. 1943ರ ವೈದ್ಯಕೀಯ ನೊಬೆಲ್ ಡಾಮ್ ಮತ್ತು ಡಾಯ್ಸಿ ಇಬ್ಬರಿಗೂ ಬಂತು. ಯುದ್ಧದಿಂದಾಗಿ ಅದರ ಘೋಷಣೆಯೇ 1944ರಲ್ಲಿ ಆಯಿತು. ಸಮಾರಂಭ ನಡೆದದ್ದು ಸ್ಟಾಕ್‌ಹೋಮಿನಲ್ಲಲ್ಲ, ನ್ಯೂಯಾರ್ಕಿನಲ್ಲಿ.

ಈ ವಿಟಮಿನ್ ರಕ್ತದಲ್ಲಿ ನಿಜಕ್ಕೂ ಏನು ಮಾಡುತ್ತದೆ ಎಂಬುದು ಸ್ಪಷ್ಟವಾಗಲು ಇನ್ನೂ 30 ವರ್ಷ ಬೇಕಾಯಿತು. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ನಾಲ್ಕಕ್ಕೆ ವಿಟಮಿನ್ ಕೆ ಬೇಕೇ ಬೇಕು. ಎರಡು, ಏಳು, ಒಂಬತ್ತು ಮತ್ತು ಹತ್ತನೇ ಫ್ಯಾಕ್ಟರ್ ಎಂದು ಅವನ್ನು ಕರೆಯುತ್ತಾರೆ. ಎರಡನೆಯದರ ಹೆಸರು ಪ್ರೋಥ್ರಾಂಬಿನ್. ಇವೆಲ್ಲ ಪಿತ್ತಜನಕಾಂಗದಲ್ಲಿ ತಯಾರಾಗುತ್ತವೆ. ವಿಟಮಿನ್ ಇಲ್ಲದಿದ್ದರೂ ತಯಾರಾಗುತ್ತವೆ, ಆದರೆ ಅರೆಬರೆಯಾಗಿ. 1974ರಲ್ಲಿ ಸ್ವೀಡನ್ನಿನ ಯೋಹಾನ್ ಸ್ಟೆನ್‌ಫ್ಲೋ ಮತ್ತು ಇತರ ಸಂಶೋಧಕರು ಆ ಕೊರತೆ ಎಲ್ಲಿದೆ ಎಂದು ಪತ್ತೆಹಚ್ಚಿದರು.

ಪ್ರೋಥ್ರಾಂಬಿನ್‌ನ ಒಂದು ತುದಿಯಲ್ಲಿ ಗ್ಲುಟಾಮಿಕ್ ಆಮ್ಲದ ಹತ್ತು ಘಟಕಗಳಿವೆ. ವಿಟಮಿನ್ ಕೆ ನೆರವಿನಿಂದ ಒಂದು ಕಿಣ್ವ ಆ ಪ್ರತಿಯೊಂದಕ್ಕೂ ಇನ್ನೊಂದು ಕಾರ್ಬಾಕ್ಸಿಲ್ ಗುಂಪನ್ನು ಜೋಡಿಸುತ್ತದೆ. ಜೋಡಿಯಾದ ಕಾರ್ಬಾಕ್ಸಿಲ್ ಇಕ್ಕಳದಂತೆ ಕ್ಯಾಲ್ಸಿಯಂ ಅನ್ನು ಹಿಡಿಯುತ್ತದೆ. ಗಾಯವಾದ ಜಾಗದಲ್ಲಿ ಸೇರಿರುವ ಪ್ಲೇಟ್‌ಲೆಟ್‌ಗಳ ಮೇಲ್ಮೈಗೆ ಪ್ರೋಟೀನು ಅಂಟಿಕೊಳ್ಳುವುದು ಈ ಕ್ಯಾಲ್ಸಿಯಂ ಮೂಲಕವೇ. ಅಲ್ಲಿ ಅಂಟಿದ ಪ್ರೋಥ್ರಾಂಬಿನ್ ಥ್ರಾಂಬಿನ್ ಆಗುತ್ತದೆ. ಥ್ರಾಂಬಿನ್ ಫೈಬ್ರಿನ್ ಎಳೆಗಳ ಬಲೆಯನ್ನು ಹೆಣೆಸಿ ರಕ್ತವನ್ನು ತಡೆಯುತ್ತದೆ. ಇಕ್ಕಳವಿಲ್ಲದ ಪ್ರೋಥ್ರಾಂಬಿನ್ ಗಾಯದ ಮುಂದೆಯೇ ಹರಿದುಹೋಗುತ್ತದೆ, ನಿಲ್ಲಲಾರದು.

ಇದು ಗೊತ್ತಿದ್ದರೆ ಅಪಾಯ ಹೇಗೆ ಬರುತ್ತದೆ ಎಂಬುದೂ ಅರ್ಥವಾಗುತ್ತದೆ. ಇಂಜೆಕ್ಷನ್ ಸಿಗದ, ಎದೆಹಾಲು ಮಾತ್ರ ಕುಡಿಯುವ ಒಂದೂವರೆ ತಿಂಗಳ ಮಗುವನ್ನು ಊಹಿಸಿಕೊಳ್ಳಿ. ತೂಕ ಸರಿಯಾಗಿ ಏರುತ್ತಿದೆ. ಮೂಗಿನಿಂದ ಒಂದು ಹನಿ ರಕ್ತ, ಮೈಮೇಲೊಂದು ನೀಲಿ ಕಲೆ ಕಾಣಿಸಿ ಮರೆತುಹೋಗಬಹುದು. ಅದೂ ಕಾಣದಿರಬಹುದು. ಒಂದು ದಿನ ಮಗು ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ಎಬ್ಬಿಸಿದರೂ ಏಳದಷ್ಟು ಮಂಕಾಗುತ್ತದೆ, ನೆತ್ತಿ ಉಬ್ಬುತ್ತದೆ. ಇದು ಮಿದುಳಿನೊಳಗಿನ ರಕ್ತಸ್ರಾವ. ಎರಡನೇ ವಾರದಿಂದ ಆರು ತಿಂಗಳ ನಡುವೆ ಬರುವ ಈ ಬಗೆ ಅಪರೂಪ; ಆದರೆ ಬಂದವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ರಕ್ತ ಹರಿಯುವುದು ಮಿದುಳಿನಲ್ಲಿ. ಪಿತ್ತರಸದ ಹರಿವಿಗೆ ತಡೆಯಿರುವ ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಪಿತ್ತರಸವಿಲ್ಲದೆ ಈ ವಿಟಮಿನ್ ಕರುಳಿನಿಂದ ಹೀರಿಕೆಯಾಗದು. ಎರಡು ವಾರ ದಾಟಿದರೂ ಇಳಿಯದ ಕಾಮಾಲೆ, ಬಿಳಿಚಿದ ಮಲ ಇದರ ಸುಳಿವು. ಇಂಥ ಯಾವ ಲಕ್ಷಣ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಹುಟ್ಟಿದಾಗ ವಿಟಮಿನ್ ಕೆ ಕೊಟ್ಟಿದ್ದರೋ ಇಲ್ಲವೋ ಎಂದು ಹೇಳಬೇಕು.

ಇಂಜೆಕ್ಷನ್ನಿನ ಪ್ರಮಾಣ ಸಾಮಾನ್ಯವಾಗಿ 1 ಮಿಲಿಗ್ರಾಂ. ಒಂದು ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಭಾರತದಲ್ಲಿ ಅರ್ಧ ಮಿಲಿಗ್ರಾಂ. ಸ್ನಾಯುವಿಗೆ ಕೊಟ್ಟ ವಿಟಮಿನ್ ನಿಧಾನವಾಗಿ ಬಿಡುಗಡೆಯಾಗುವುದರಿಂದ ಒಂದೇ ಡೋಸು ತಿಂಗಳುಗಟ್ಟಲೆ ಕಾಯುತ್ತದೆ. ಬಾಯಿಗೆ ಹಾಕುವ ಹನಿಯನ್ನು ಹಲವು ಬಾರಿ ಕೊಡಬೇಕು, ಪಿತ್ತರಸದ ತೊಂದರೆಯಿದ್ದರೆ ಅದು ಸಾಲದು.

ಇದರ ಸುತ್ತ ಎರಡು ಭಯಗಳಿವೆ. 1950ರ ದಶಕದಲ್ಲಿ ಕೃತಕವಾಗಿ ತಯಾರಿಸಿದ ಮೆನಾಡಯೋನ್ ಎಂಬ ಬಗೆಯನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ, ಮುಖ್ಯವಾಗಿ ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ತೀವ್ರ ಕಾಮಾಲೆ ಆಗಿದ್ದು ನಿಜ. ಅದಕ್ಕಾಗಿಯೇ ಅದನ್ನು ಕೈಬಿಟ್ಟು, ಸೊಪ್ಪಿನಲ್ಲಿರುವಂಥದೇ ವಿಟಮಿನ್ ಕೆ1 ಕೊಡತೊಡಗಿದರು. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಇಂಜೆಕ್ಷನ್ನಿಗೂ ಮಕ್ಕಳ ಕ್ಯಾನ್ಸರಿಗೂ ನಂಟಿರಬಹುದೆಂದು ಶಂಕಿಸಿತ್ತು. ಆಮೇಲೆ ನಡೆದ ದೊಡ್ಡ ಅಧ್ಯಯನಗಳಲ್ಲಿ ಅಂಥ ನಂಟು ಕಾಣಲಿಲ್ಲ.

ಯುದ್ಧದ ನಂತರ ಊರಿಗೆ ಮರಳಿದ ಡಾಮ್, ಕೋಪನ್‌ಹೇಗನ್ನಿನಲ್ಲೇ ಸಂಶೋಧನೆ ಮುಂದುವರಿಸಿದರು. ಹುಟ್ಟಿದ ಎಲ್ಲ ಮಕ್ಕಳಿಗೂ ವಿಟಮಿನ್ ಕೆ ಕೊಡಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1961ರಲ್ಲಿ ಶಿಫಾರಸು ಮಾಡಿದಾಗ ಅವರು ಇದ್ದರು. ಕಾರ್ಬಾಕ್ಸಿಲ್ ಇಕ್ಕಳದ ರಹಸ್ಯ ಬಯಲಾದಾಗಲೂ ಇದ್ದರು. ಅದಾಗಿ ಎರಡು ವರ್ಷಕ್ಕೆ, 1976ರ ಏಪ್ರಿಲ್‌ನಲ್ಲಿ, ತೀರಿಕೊಂಡರು.