ಫ್ಲೆಮಿಂಗ್ ತಟ್ಟೆಯಲ್ಲಿ ಸಾಯದೆ ಉಳಿದದ್ದು

ಕಳೆದ ಸೆಮಿಸ್ಟರ್‌ನ ಎರಡನೇ ಇಂಟರ್ನಲ್ಸ್ ಹೊತ್ತಿಗೆ ನನಗೆ ಶೀತ, ಮೈಕೈ ನೋವು, ಜ್ವರ. ರೂಮ್‌ಮೇಟ್ ಬಳಿ ಯಾವಾಗಲೋ ಉಳಿದಿದ್ದ ಅಮಾಕ್ಸಿಸಿಲಿನ್ ಮಾತ್ರೆಗಳ ಅರ್ಧ ಸ್ಟ್ರಿಪ್ ಇತ್ತು. ಎರಡು ದಿನ ನುಂಗಿದೆ, ಮೂರನೇ ದಿನ ಜ್ವರ ಬಿಟ್ಟಿತು. ಮಿಕ್ಕ ನಾಲ್ಕು ಮಾತ್ರೆಗಳನ್ನು ಮುಂದಿನ ಜ್ವರಕ್ಕೆಂದು ಎತ್ತಿಟ್ಟೆ. ಊರಿಗೆ ಹೋದಾಗ ನರ್ಸ್ ಆಗಿರುವ ಚಿಕ್ಕಮ್ಮ ವಿಷಯ ಕೇಳಿ ಚೆನ್ನಾಗಿ ಬೈದರು. ಲಕ್ಷಣ ನೋಡಿದರೆ ಅದು ವೈರಲ್ ಜ್ವರವೇ ಇರಬೇಕು, ಹಾಗಿದ್ದರೆ ತಾನಾಗಿಯೇ ಹೋಗಿದೆ, ಮಾತ್ರೆ ಅದನ್ನು ಮುಟ್ಟಿಯೂ ಇಲ್ಲ ಎಂದರು. ಯಾಕೆ ಮುಟ್ಟುವುದಿಲ್ಲ? ಮೆಕ್ಯಾನಿಕಲ್ ಓದುವ ನನಗೆ ಗೊತ್ತಿರಲಿಲ್ಲ. ಹುಡುಕುತ್ತಾ ಹೋಗಿ ಸಿಕ್ಕಿದ್ದು ಅಲೆಕ್ಸಾಂಡರ್ ಫ್ಲೆಮಿಂಗ್ ಬದುಕು.

ಫ್ಲೆಮಿಂಗ್ ಹುಟ್ಟಿದ್ದು 1881ರಲ್ಲಿ, ಸ್ಕಾಟ್ಲೆಂಡಿನ ಒಂದು ರೈತ ಕುಟುಂಬದಲ್ಲಿ. ಏಳನೇ ವಯಸ್ಸಿಗೆ ತಂದೆ ತೀರಿಕೊಂಡರು. ಲಂಡನ್ನಿಗೆ ಬಂದು ನಾಲ್ಕು ವರ್ಷ ಹಡಗು ಕಂಪನಿಯಲ್ಲಿ ಗುಮಾಸ್ತರಾಗಿದ್ದರು. ನಂತರ ಸಂಬಂಧಿಕರೊಬ್ಬರ ಆಸ್ತಿಯ ಪಾಲು ಕೈಸೇರಿದ್ದರಿಂದ ಸೇಂಟ್ ಮೇರಿಸ್ ಆಸ್ಪತ್ರೆಯ ಕಾಲೇಜಿನಲ್ಲಿ ವೈದ್ಯಕೀಯ ಓದಿದರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಸೇನಾ ಆಸ್ಪತ್ರೆಯಲ್ಲಿದ್ದಾಗಲೇ 1918ರ ಇನ್‌ಫ್ಲುಯೆಂಜಾ ಬಂತು.

ಆ ಫ್ಲೂಗೆ ಕಾರಣ ಒಂದು ಬ್ಯಾಕ್ಟೀರಿಯಾ ಎಂದು ಆಗ ಹಲವರು ನಂಬಿದ್ದರು. ಅದಕ್ಕೆ ಬ್ಯಾಸಿಲಸ್ ಇನ್‌ಫ್ಲುಯೆಂಜೇ ಎಂದು ಹೆಸರನ್ನೂ ಇಟ್ಟಾಗಿತ್ತು. ಫ್ಲೆಮಿಂಗ್ ಕೂಡ ಅದನ್ನು ಬೆಳೆಸಿ ನೋಡುವುದರಲ್ಲಿ ತೊಡಗಿದ್ದರು. ಗಂಟಲಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳೂ ಇರುವುದರಿಂದ ಇದೊಂದನ್ನೇ ಬೇರ್ಪಡಿಸುವುದು ಕಷ್ಟವಾಗಿತ್ತು.

1928ರ ಸೆಪ್ಟೆಂಬರ್‌ನಲ್ಲಿ ರಜೆ ಮುಗಿಸಿ ಬಂದಾಗ ನಡೆದದ್ದು ಎಲ್ಲರಿಗೂ ಗೊತ್ತಿರುವ ಕತೆ. ತಟ್ಟೆಯೊಂದರಲ್ಲಿ ಬೂಷ್ಟು ಬೆಳೆದಿತ್ತು, ಅದರ ಸುತ್ತಲಿನ ಬ್ಯಾಕ್ಟೀರಿಯಾ ಕರಗಿಹೋಗಿತ್ತು. ಬೂಷ್ಟು ಸ್ರವಿಸಿದ ಆ ವಸ್ತುವೇ ಪೆನ್ಸಿಲಿನ್. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಮರುವರ್ಷ ಅವರು ಬರೆದ ಪ್ರಬಂಧ. ಗಂಟಲಿನ ಮಾದರಿ ಹಾಕಿದ ತಟ್ಟೆಗೆ ಪೆನ್ಸಿಲಿನ್ ಸವರಿದರೆ ಉಳಿದ ಹಲವು ಬ್ಯಾಕ್ಟೀರಿಯಾಗಳು ಸಾಯುತ್ತಿದ್ದವು, ಆ ಬ್ಯಾಸಿಲಸ್ ಮಾತ್ರ ಬದುಕಿ ಬೆಳೆಯುತ್ತಿತ್ತು. ಹೀಗಾಗಿ ಕಳೆ ಕೀಳುವ ಸಾಧನವಾಗಿಯೂ ಪೆನ್ಸಿಲಿನ್ ಲ್ಯಾಬ್‌ಗಳಲ್ಲಿ ಬಳಕೆಗೆ ಬಂತು.

ಸಾಯುವುದು ಹೇಗೆ ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಬ್ಯಾಕ್ಟೀರಿಯಾ ಒಂದು ಪೂರ್ಣ ಜೀವಕೋಶ. ತಾನೇ ತಿಂದು, ತಾನೇ ಬೆಳೆದು, ಎರಡಾಗುತ್ತದೆ. ಅದರೊಳಗೆ ಒತ್ತಡ ಹೆಚ್ಚು. ಪ್ರೆಷರ್ ವೆಸೆಲ್ ಲೆಕ್ಕ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಒಡೆಯದಂತೆ ಹಿಡಿದಿಡಲು ಸುತ್ತ ಬಲೆಯಂತಹ ಗಟ್ಟಿ ಗೋಡೆ ಬೇಕು. ಬೆಳೆಯುವಾಗ ಆ ಬಲೆಯನ್ನು ಬಿಚ್ಚಿ ಹೊಸ ಎಳೆ ಸೇರಿಸಿ ಮತ್ತೆ ಹೆಣೆಯಬೇಕು. ಎಳೆಗಳಿಗೆ ಅಡ್ಡ ಗಂಟು ಹಾಕುವ ಕಿಣ್ವಕ್ಕೆ ಪೆನ್ಸಿಲಿನ್ ಅಂಟಿಕೊಂಡು ಅದನ್ನು ಕೆಡಿಸುತ್ತದೆ. ಬಿಚ್ಚುವುದು ನಡೆದೇ ಇರುತ್ತದೆ, ಹೆಣೆಯುವುದು ನಿಲ್ಲುತ್ತದೆ. ನೀರು ಒಳನುಗ್ಗಿ ಬ್ಯಾಕ್ಟೀರಿಯಾ ಸಿಡಿಯುತ್ತದೆ. ನಮ್ಮ ಜೀವಕೋಶಗಳಿಗೆ ಇಂತಹ ಗೋಡೆಯಿಲ್ಲ, ಆದ್ದರಿಂದ ನಮಗೆ ತೊಂದರೆಯಿಲ್ಲ. ಫ್ಲೆಮಿಂಗ್ ಅವರ ಬ್ಯಾಸಿಲಸ್‌ಗೆ ಗೋಡೆಯ ಹೊರಗೆ ಇನ್ನೊಂದು ಪೊರೆಯಿತ್ತು. ಅಂದಿನ ಪೆನ್ಸಿಲಿನ್‌ಗೆ ಅದನ್ನು ದಾಟುವುದು ಸುಲಭವಾಗಿರಲಿಲ್ಲ.

1933ರಲ್ಲಿ ಲಂಡನ್ನಿನ ಮೂವರು ಸಂಶೋಧಕರು ಫ್ಲೂ ರೋಗಿಗಳ ಗಂಟಲು ತೊಳೆದ ನೀರನ್ನು ಬ್ಯಾಕ್ಟೀರಿಯಾ ದಾಟಲಾಗದ ಸೋಸುಕದಲ್ಲಿ ಸೋಸಿ, ಫೆರೆಟ್ ಎಂಬ ಮುಂಗುಸಿಯಂತಹ ಪ್ರಾಣಿಯ ಮೂಗಿಗೆ ಹಾಕಿದರು. ಅದಕ್ಕೂ ಫ್ಲೂ ಬಂತು. ಕಾರಣ ವೈರಸ್ ಎಂದು ಗೊತ್ತಾಯಿತು. ಬ್ಯಾಸಿಲಸ್ ಮೇಲೆ ಸುಮ್ಮನೆ ಆರೋಪ ಬಂದಿತ್ತು. ಆದರೆ ತಪ್ಪು ಹೆಸರು ಮಾತ್ರ ಇಂದಿಗೂ ಅದಕ್ಕೇ ಅಂಟಿಕೊಂಡಿದೆ.

ಫ್ಲೂ ವೈರಸ್ಸಿನ ಅಡ್ಡಗಲ ಸಾಮಾನ್ಯ ಬ್ಯಾಕ್ಟೀರಿಯಾದ ಸುಮಾರು ಹತ್ತನೇ ಒಂದು ಭಾಗ. ಅದು ಜೀವಕೋಶವೇ ಅಲ್ಲ. ಒಂದಿಷ್ಟು ವಂಶವಾಹಿ, ಸುತ್ತ ಪ್ರೋಟೀನ್, ಅದರ ಮೇಲೆ ನಮ್ಮ ಕೋಶದಿಂದಲೇ ಕಿತ್ತುಕೊಂಡ ಹೊದಿಕೆ, ಅಷ್ಟೇ. ಗೋಡೆಯಿಲ್ಲದ್ದರಿಂದ ಪೆನ್ಸಿಲಿನ್ ಕೆಡಿಸಬೇಕಾದ ಕಿಣ್ವವೇ ಅಲ್ಲಿಲ್ಲ. ಬೇರೆ ಕೆಲವು ಆ್ಯಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸುವ ಯಂತ್ರವನ್ನು ಕೆಡಿಸುತ್ತವೆ. ವೈರಸ್‌ಗೆ ಆ ಯಂತ್ರವೂ ಇಲ್ಲ, ನಮ್ಮ ಕೋಶದೊಳಗೆ ಹೊಕ್ಕು ನಮ್ಮದನ್ನೇ ಬಳಸಿಕೊಂಡು ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ.

ಫ್ಲೂ ಬಂದವರಿಗೆ ಆ್ಯಂಟಿಬಯಾಟಿಕ್ ಎಂದೂ ಬೇಡ ಎಂದೇನಲ್ಲ. ವೈರಸ್ ಹಾಳುಮಾಡಿದ ಶ್ವಾಸಕೋಶಕ್ಕೆ ಬ್ಯಾಕ್ಟೀರಿಯಾ ನುಗ್ಗಿ ನ್ಯುಮೋನಿಯಾ ಆಗಬಹುದು. 1918ರಲ್ಲಿ ಬಹಳ ಜನ ಸತ್ತದ್ದು ಹಾಗೆಯೇ. ಇಳಿಯುತ್ತಿದ್ದ ಜ್ವರ ಮತ್ತೆ ಏರಿ ಉಸಿರಾಟ ಕಷ್ಟವಾದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಪರೀಕ್ಷೆ ಮಾಡಿ ನಿರ್ಧರಿಸಬೇಕಾದವರು ಅವರು, ಹಾಸ್ಟೆಲ್‌ನವರಲ್ಲ.

ಪೆನ್ಸಿಲಿನ್ ಅನ್ನು ಶುದ್ಧ ಔಷಧವಾಗಿಸಿದ್ದು ಆಕ್ಸ್‌ಫರ್ಡ್‌ನ ಫ್ಲೋರಿ, ಚೈನ್ ಮತ್ತು ಅವರ ತಂಡ. ಆ ಇಬ್ಬರೊಂದಿಗೆ ಫ್ಲೆಮಿಂಗ್‌ಗೆ 1945ರಲ್ಲಿ ನೊಬೆಲ್ ಬಂತು. ಆ ಸಂದರ್ಭದ ಉಪನ್ಯಾಸದಲ್ಲಿ ಅವರು ಒಂದು ಕಲ್ಪಿತ ಪ್ರಸಂಗ ಹೇಳಿದರು. ಗಂಟಲು ನೋವಿಗೆ ಒಬ್ಬಾತ ತಾನೇ ಪೆನ್ಸಿಲಿನ್ ಕೊಂಡು ಸಾಲದಷ್ಟು ತೆಗೆದುಕೊಳ್ಳುತ್ತಾನೆ. ಸಾಯದೆ ಉಳಿದ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಂಡು ಹೆಂಡತಿಗೆ ಹರಡುತ್ತದೆ. ಆಕೆಗೆ ಪೆನ್ಸಿಲಿನ್ ನಾಟದೆ ಆಕೆ ಸಾಯುತ್ತಾಳೆ.

ಅಮಾಕ್ಸಿಸಿಲಿನ್ ಪೆನ್ಸಿಲಿನ್ ಕುಟುಂಬದ್ದೇ. ನನ್ನ ಜ್ವರದ ವೈರಸ್ಸನ್ನು ಅದು ಮುಟ್ಟದಿದ್ದರೂ ಗಂಟಲು, ಕರುಳಿನ ಬ್ಯಾಕ್ಟೀರಿಯಾಗಳನ್ನು ಎರಡು ದಿನ ಮುಟ್ಟಿತ್ತು. ಯಾವುವು ಸತ್ತವು, ಯಾವುವು ಉಳಿದವು ನನಗೆ ಕಾಣದು. ಅದೇ ರೂಮಿನಲ್ಲಿ ನಾವು ಮೂವರು ಮಲಗುತ್ತಿದ್ದೆವು.