ರಸ್ತೆಯ ಈಚೆ ಕಾಲರಾ, ಆಚೆ ಇಲ್ಲ

ರಾಬರ್ಟ್ ಕಾಕ್ ಹುಟ್ಟಿದ್ದು 1843ರಲ್ಲಿ, ಜರ್ಮನಿಯ ಗಣಿ ಊರು ಕ್ಲೌಸ್ಟಾಲ್‌ನಲ್ಲಿ. ಸಣ್ಣ ಊರಿನ ಸರ್ಕಾರಿ ಡಾಕ್ಟರಾಗಿದ್ದಾಗಲೇ ಮನೆಯಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡು ಆಂಥ್ರಾಕ್ಸ್ ರೋಗಾಣುವಿನ ಗುಟ್ಟು ಬಿಡಿಸಿದರು. 1882ರಲ್ಲಿ ಕ್ಷಯದ ರೋಗಾಣು ತೋರಿಸಿದರು. 1884ರಲ್ಲಿ ಕೋಲ್ಕತ್ತದ ಕೆರೆ ನೀರಿನಲ್ಲೇ ಕಾಲರಾ ರೋಗಾಣು ಸಿಕ್ಕಿತು. 1890ರಲ್ಲಿ ಮಾತ್ರ ಕ್ಷಯಕ್ಕೆ ಮದ್ದು ಸಿಕ್ಕಿತೆಂದು ಸಾರಿ, ಅದು ಫಲಿಸದೆ ಮುಖಭಂಗವಾಯಿತು.

1892ರ ಆಗಸ್ಟ್‌ನಲ್ಲಿ ಬರ್ಲಿನ್ ಸರ್ಕಾರ ಅವರನ್ನು ಹ್ಯಾಂಬರ್ಗಿಗೆ ಕಳಿಸಿತು. ಅದು ವ್ಯಾಪಾರಿಗಳ ಆಡಳಿತದ ಬಂದರು ನಗರ. ಕಾಲರಾ ಇದೆ ಅಂತ ಒಪ್ಪಿಕೊಂಡರೆ ಹಡಗುಗಳು ನಿಂತುಹೋಗುತ್ತವೆ. ಹಾಗಾಗಿ ಘೋಷಣೆ ತಡವಾಯಿತು.

ಕಾಲರಾ ಹೌದೋ ಅಲ್ಲವೋ ಅಂತ ಹೇಳೋದು ಹೇಗೆ? ಕಾಕ್ ಆಗ ರೂಢಿಗೆ ತಂದ ವಿಧಾನ ಹೀಗಿದೆ. ರೋಗಿಯ ಭೇದಿಯ ಲೋಳೆಯನ್ನು ಪೆಪ್ಟೋನ್ ನೀರಿಗೆ ಹಾಕಿ, 37 ಡಿಗ್ರಿ ಬಿಸುಪಿನಲ್ಲಿ ಇಡಬೇಕು. ಆಮ್ಲಜನಕ ಬೇಕಾದ ಈ ರೋಗಾಣು ಕೆಲವೇ ಗಂಟೆಗಳಲ್ಲಿ ಮೇಲ್ಮೈಗೆ ಬಂದು ಸೇರುತ್ತದೆ. ಅಲ್ಲಿಂದ ತೆಗೆದು ಜೆಲಾಟಿನ್ ತಟ್ಟೆಯಲ್ಲಿ ಬೆಳೆಸಿದರೆ, ಪುಡಿಗಾಜು ಉದುರಿಸಿದಂಥ ಕಾಲೊನಿಗಳು ಕಾಣುತ್ತವೆ. ಪೆಪ್ಟೋನ್ ನೀರಿಗೆ ಗಂಧಕಾಮ್ಲ ಹಾಕಿದರೆ ಕೆಂಪಾಗುತ್ತದೆ. ಆದರೆ ನದಿಯಲ್ಲಿರುವ ಕೆಲವು ನಿರುಪದ್ರವಿ ಸೋದರರೂ ಇದೇ ವೇಷ ಹಾಕುತ್ತವೆ. ಅವುಗಳಿಂದ ಇದನ್ನು ಬೇರ್ಪಡಿಸುವ ಪರೀಕ್ಷೆಯನ್ನು ಕಾಕ್ ಶಿಷ್ಯ ಫೈಫರ್ ಕೊಟ್ಟದ್ದು 1894ರಲ್ಲಿ.

ಹಾಗಾಗಿ ತಟ್ಟೆಯ ಜೊತೆಗೆ ನಕ್ಷೆಯೂ ಬೇಕಾಯಿತು. ಹ್ಯಾಂಬರ್ಗಿಗೆ ಅಂಟಿಕೊಂಡೇ ಪ್ರಷ್ಯದ ಆಲ್ಟೋನಾ ಇತ್ತು. ಎರಡೂ ಊರು ಕುಡಿಯುವುದು ಎಲ್ಬೆ ನದಿಯ ನೀರನ್ನೇ. ಆಲ್ಟೋನಾ ನೀರೆತ್ತುವುದು ಹ್ಯಾಂಬರ್ಗಿನ ಚರಂಡಿಯ ಕೆಳಗೆ, ಅಂದರೆ ಇನ್ನೂ ಹೊಲಸು ನೀರು. ಆದರೆ ಅದನ್ನು ಮರಳಿನಲ್ಲಿ ಸೋಸುತ್ತಿತ್ತು. ಹ್ಯಾಂಬರ್ಗ್ ಸೋಸುತ್ತಿರಲಿಲ್ಲ. ಗಡಿ ರಸ್ತೆಗಳಲ್ಲಿ ಒಂದು ಬದಿ ಸಾವು, ಇನ್ನೊಂದು ಬದಿ ಬಹುತೇಕ ನೆಮ್ಮದಿ. ಮಣ್ಣು, ಗಾಳಿ, ಬಡತನ ಎರಡೂ ಕಡೆ ಒಂದೇ.

ಗಡಿಯಲ್ಲೇ ಇದ್ದ ಕಾರ್ಮಿಕರ ವಠಾರವೊಂದು ಇನ್ನೂ ದೊಡ್ಡ ಸಾಕ್ಷಿ. ನೆಲ ಹ್ಯಾಂಬರ್ಗಿನದು, ನಲ್ಲಿ ಆಲ್ಟೋನಾದ್ದು. ಮುನ್ನೂರಕ್ಕೂ ಹೆಚ್ಚು ಜನರಿದ್ದ ಅಲ್ಲಿ ಕಾಲರಾ ಬರಲೇ ಇಲ್ಲ. ಹ್ಯಾಂಬರ್ಗಿನಲ್ಲಿ ಸತ್ತವರು ಸುಮಾರು 8,600. ಅವರಲ್ಲಿ ಬಡವರೇ ಹೆಚ್ಚು.

1893ರ ಚಳಿಗಾಲದಲ್ಲಿ ಆಲ್ಟೋನಾದಲ್ಲೂ ಕಾಲರಾ ಕಾಣಿಸಿತು. ಹಿಮಗಟ್ಟುವ ಚಳಿಯಲ್ಲಿ ಮರಳಿನ ಹಾಸು ಕೆಟ್ಟು, ಸೋಸಿದ ನೀರಿನಲ್ಲಿ ಬ್ಯಾಕ್ಟೀರಿಯಾ ಏರಿತ್ತು. ಆಗ ಕಾಕ್ ಒಂದು ಮಿತಿ ಹಾಕಿದರು: ಸೋಸಿದ ನೀರಿನ ಒಂದು ಮಿಲಿಲೀಟರ್‌ನಲ್ಲಿ ನೂರಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಇರಬಾರದು. ಪ್ರತಿ ಹಾಸನ್ನೂ ಬೇರೆಯಾಗಿ ಪರೀಕ್ಷಿಸಬೇಕು. ಇಲ್ಲದಿದ್ದರೆ ಒಂದರ ತಪ್ಪು ಉಳಿದವುಗಳ ಶುದ್ಧ ನೀರಲ್ಲಿ ಅಡಗಿಬಿಡುತ್ತದೆ.

ಕಾಕ್‌ಗೆ 1905ರಲ್ಲಿ ನೊಬೆಲ್ ಬಂತು, 1910ರಲ್ಲಿ ತೀರಿಕೊಂಡರು. ವರ್ಷಗಳಿಂದ ಚರ್ಚೆಯಲ್ಲೇ ಎಳೆದಾಡಿದ್ದ ಹ್ಯಾಂಬರ್ಗಿನ ಮರಳು ಸೋಸುಕಗಳು ಶುರುವಾದದ್ದು 1893ರ ಮೇನಲ್ಲಿ. ಹೆಣಗಳ ಲೆಕ್ಕ ಮುಗಿದ ಮೇಲೆ.