ಕನಕದಾಸರಿಗೆ ಯಾವ ನಂಬರು?

ಹಾನಗಲ್ ಕಡೆ ಊರಿಗೆ ಹೋದಾಗ ಒಂದು ಸಣ್ಣ ಗ್ರಂಥಾಲಯಕ್ಕೆ ಹೋಗಿದ್ದೆ. ಶಿಶುನಾಳ ಶರೀಫರ ತತ್ತ್ವಪದಗಳ ಪುಸ್ತಕ ಬೇಕಿತ್ತು. ಕಪಾಟುಗಳಲ್ಲಿ ಪುಸ್ತಕಗಳು ಬಂದ ಕ್ರಮದಲ್ಲೇ ಕೂತಿದ್ದವು. ಅಂದ್ರೆ ದಾಖಲಾತಿ ವಹಿಯಲ್ಲಿ 4,210ನೇ ಪುಸ್ತಕದ ಪಕ್ಕ 4,211ನೇದು. ಶರೀಫರ ಒಂದು ಪ್ರತಿ ಟೈಲರಿಂಗ್ ಕೈಪಿಡಿಯ ಪಕ್ಕ ಸಿಕ್ಕಿತು, ಇನ್ನೊಂದು ಪ್ರತಿ ಎರಡು ಕಪಾಟು ಆಚೆ, ಕೆಎಎಸ್ ಗೈಡುಗಳ ನಡುವೆ. ಅಲ್ಲಿನ ಸಿಬ್ಬಂದಿಗೆ ಎಲ್ಲ ಬಾಯಿಪಾಠ. ಅವರು ರಜೆ ಹಾಕಿದ ದಿನ ಮಾತ್ರ ಗ್ರಂಥಾಲಯಕ್ಕೂ ಮರೆವು ಬಂದ ಹಾಗೆ.

ವಾಪಸ್ ಬರುವಾಗ ಬಸ್ಸಲ್ಲಿ ನೆನಪಾದವರು ಎಸ್.ಆರ್. ರಂಗನಾಥನ್. ಎಂಜಿನಿಯರಿಂಗ್ ಓದುವಾಗ ಆ ಹೆಸರು ನನ್ನ ಕಿವಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೆ ಇಷ್ಟಪಡುತ್ತಿದ್ದೆ, ಯಾಕಂದ್ರೆ ಅವರು ಮೂಲತಃ ಗಣಿತದವರು. 1892ರಲ್ಲಿ ತಂಜಾವೂರು ಸೀಮೆಯ ಶಿಯಾಳಿಯಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಗಣಿತ ಎಂ.ಎ. ಮಾಡಿ, ಮೊದಲು ಪಾಠ ಮಾಡಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ಆಮೇಲೆ ಕೊಯಮತ್ತೂರು, ಅಲ್ಲಿಂದ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು.

1924ರ ಜನವರಿಯಲ್ಲಿ ಅವರು ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಸೇವೆಯ ಕನಸೇನೂ ಇರಲಿಲ್ಲ, ಅಧ್ಯಾಪಕನ ಸಂಬಳ ಸಾಲುತ್ತಿರಲಿಲ್ಲ ಅಷ್ಟೆ. ಕೆಲವೇ ದಿನಗಳಲ್ಲಿ ಬೇಸರ ಹತ್ತಿತು. ಓದುಗರೇ ಬಾರದ ಕೋಣೆ, ಮಾಡಲು ಕೆಲಸವಿಲ್ಲ. ಓಡಿಹೋಗಿ ಹಳೆಯ ಪ್ರಿನ್ಸಿಪಾಲರ ಹತ್ತಿರ ನನ್ನನ್ನು ವಾಪಸ್ ಕರೆಸಿಕೊಳ್ಳಿ ಅಂತ ಕೇಳಿಕೊಂಡರು. ಹೇಗೂ ಲಂಡನ್ನಿಗೆ ತರಬೇತಿಗೆ ಕಳಿಸುತ್ತಾರೆ, ಹೋಗಿ ಬಾ, ಆಗಲೂ ಬೇಡ ಅನಿಸಿದರೆ ನೋಡೋಣ ಅಂತ ಅವರು ಸಮಾಧಾನ ಮಾಡಿ ಕಳಿಸಿದರು.

ಲಂಡನ್ನಿನಲ್ಲಿ ವರ್ಗೀಕರಣ ಕಲಿಸಿದವರು ಬರ್ವಿಕ್ ಸೇಯರ್ಸ್. ಆಗ ಎಲ್ಲ ಕಡೆ ಚಲಾವಣೆಯಲ್ಲಿದ್ದದ್ದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿ. ಇಡೀ ಜ್ಞಾನವನ್ನು ಹತ್ತು ಭಾಗ ಮಾಡು, ಪ್ರತಿ ಭಾಗವನ್ನು ಮತ್ತೆ ಹತ್ತು ಮಾಡು, ಹೀಗೆ. ಆದರೆ ಹತ್ತು ಗೂಡು ಯಾರ ಅಳತೆಗೆ? ಡ್ಯೂಯಿಯಲ್ಲಿ ಇಂಗ್ಲಿಷ್ ಕಾವ್ಯಕ್ಕೆ 821, ಮೂರೇ ಅಂಕಿ. ಕನ್ನಡ ಕಾವ್ಯಕ್ಕೆ 894.8141. ಇತರೆ ಭಾಷೆಗಳು ಅನ್ನೋ 890ರ ಮೂಟೆಯೊಳಗೆ ತೂರಿಸಿಟ್ಟಿದ್ದು.

ರಂಗನಾಥನ್ನರಿಗೆ ಕಾಡಿದ್ದು ಇನ್ನೊಂದು ತೊಂದರೆ. ಗೂಡುಗಳನ್ನು ಮೊದಲೇ ಕೊರೆದಿಟ್ಟರೆ, ಎರಡು ಗೂಡಿಗೆ ಸೇರಬೇಕಾದ ಹೊಸ ವಿಷಯ ಬಂದಾಗ ಏನು ಮಾಡೋದು? ಉತ್ತರ ಸಿಕ್ಕಿದ್ದು ಸೆಲ್ಫ್ರಿಡ್ಜಸ್ ಅಂಗಡಿಯಲ್ಲಿ. ಅಲ್ಲಿ ಮೆಕ್ಯಾನೊ ಆಟಿಕೆ ತೋರಿಸುತ್ತಿದ್ದರು. ಅವೇ ಪಟ್ಟಿ, ಅವೇ ನಟ್ಟು ಬೋಲ್ಟು, ಒಮ್ಮೆ ಕ್ರೇನು, ಒಮ್ಮೆ ಸೇತುವೆ. ವಿಷಯಗಳನ್ನೂ ಹಾಗೇ ಬಿಡಿಭಾಗಗಳಿಂದ ಜೋಡಿಸಬಹುದಲ್ಲ? ಬೋಲ್ಟಿನ ಜಾಗಕ್ಕೆ ಅವರು ಹಾಕಿದ್ದು ಕೋಲನ್ ಚಿಹ್ನೆ. ಮದ್ರಾಸಿಗೆ ಮರಳಿ, ತಮ್ಮದೇ ಗ್ರಂಥಾಲಯದ ಪುಸ್ತಕಗಳ ಮೇಲೆ ಪ್ರಯೋಗ ಮಾಡಿ, 1933ರಲ್ಲಿ ಕೋಲನ್ ವರ್ಗೀಕರಣ ಪ್ರಕಟಿಸಿದರು. ಪಾಠಕ್ಕೆ ವಾಪಸ್ ಹೋಗುವ ಮಾತು ಮತ್ತೆ ಬರಲಿಲ್ಲ.

ಉದಾಹರಣೆಗೆ, ಕೃಷಿಗೆ J, ಭತ್ತಕ್ಕೆ 381, ರೋಗಕ್ಕೆ 4. ಹಾನಗಲ್ಲಿನ ರೈತ ಹುಡುಕುವ ಭತ್ತದ ರೋಗದ ಪುಸ್ತಕ J381:4. ವೈದ್ಯಕೀಯಕ್ಕೆ L, ಶ್ವಾಸಕೋಶಕ್ಕೆ 45, ಹಾಗಾಗಿ ಶ್ವಾಸಕೋಶದ ರೋಗ L45:4. ಗದ್ದೆಯಾದರೂ ಮೈಯಾದರೂ ರೋಗ ಅಂದ್ರೆ 4. ಒಮ್ಮೆ ಕಲಿತ ಭಾಗ ಎಲ್ಲೆಲ್ಲೂ ಕೂಡುತ್ತದೆ.

ನನಗೆ ಖುಷಿ ಕೊಟ್ಟದ್ದು ಸಾಹಿತ್ಯದ ನಂಬರು. ಸಾಹಿತ್ಯ O, ಕನ್ನಡ 33, ಕಾವ್ಯ 1. ಅದರ ಮುಂದೆ ಕವಿಯ ಹೆಸರಲ್ಲ, ಹುಟ್ಟಿದ ವರ್ಷ! 1500ರ ಶತಮಾನಕ್ಕೆ J, 1600ಕ್ಕೆ K, 1700ಕ್ಕೆ L, 1800ಕ್ಕೆ M, 1900ಕ್ಕೆ N. ಶಿಗ್ಗಾಂವಿ ತಾಲೂಕಿನ ಬಾಡದ ಕನಕದಾಸರು ಹುಟ್ಟಿದ್ದು 1509ರಲ್ಲಿ ಅಂತ ಒಪ್ಪಿದರೆ, ಅವರ ಕಾವ್ಯ O33,1J09. ಅದೇ ತಾಲೂಕಿನ ಶರೀಫರು 1819, O33,1M19. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು O33,1N09. ಕನಕರಿಗೂ ಗೋಕಾಕರಿಗೂ ನಡುವೆ ಸರಿಯಾಗಿ ನಾನೂರು ವರ್ಷ, ನಂಬರಿನಲ್ಲಿ ಬದಲಾಗಿದ್ದು ಒಂದೇ ಅಕ್ಷರ. ಈ ಕಪಾಟಿನ ಉದ್ದಕ್ಕೂ ಎಡದಿಂದ ಬಲಕ್ಕೆ ನಡೆದರೆ ಕನ್ನಡ ಕಾವ್ಯದ ಇತಿಹಾಸದಲ್ಲೇ ನಡೆದ ಹಾಗೆ. ಅಂದ ಹಾಗೆ ಇಲ್ಲಿ ಇಂಗ್ಲಿಷಿಗೆ 111, ಕನ್ನಡಕ್ಕಿಂತ ಒಂದು ಅಂಕಿ ಉದ್ದ.

ಎಡವಟ್ಟಾಗುವುದೂ ಇಲ್ಲೇ. ಈ ಅಂಕಿಗಳನ್ನು ಎಣಿಕೆಯಂತೆ ಅಲ್ಲ, ದಶಮಾಂಶದಂತೆ ಓದಬೇಕು. ಎಡಗಡೆಯ ಮೊದಲ ಅಂಕಿ ನೋಡಿ ಆಮೇಲೆ ಮುಂದಿನದು. ಹಾಗಾಗಿ ಇಂಗ್ಲಿಷಿನ O111 ಕಪಾಟಿನಲ್ಲಿ ಕನ್ನಡದ O33ಕ್ಕಿಂತ ಮುಂಚೆ ಬರುತ್ತದೆ. ಹೊಸದಾಗಿ ಸೇರಿದ ಸಹಾಯಕ ನೂರಾ ಹನ್ನೊಂದು ಅಂತ ಓದಿ ಅದನ್ನು ಮೂವತ್ಮೂರರ ಆಚೆ ಇಟ್ಟುಬಿಡುತ್ತಾನೆ. ತಪ್ಪು ಜಾಗದಲ್ಲಿ ಕೂತ ಪುಸ್ತಕ ಕಳೆದುಹೋದ ಪುಸ್ತಕಕ್ಕಿಂತ ಕಡೆ, ಯಾಕಂದ್ರೆ ಕಳೆದಿದೆ ಅಂತ ಲೆಕ್ಕಕ್ಕೂ ಬರೋದಿಲ್ಲ. ಪತ್ತೆಗೆ ಇರುವ ದಾರಿ ಒಂದೇ. ಎಲ್ಲ ಬೆನ್ನುಗಳ ಮೇಲೆ ಚೀಟಿ ಒಂದೇ ಎತ್ತರಕ್ಕೆ ಅಂಟಿಸಿ, ಆಗಾಗ ಸಾಲು ಓದುತ್ತಾ ಹೋಗಬೇಕು. J, M, N ಇರುವ ಸಾಲಿನಲ್ಲಿ N ಆದಮೇಲೆ ಮತ್ತೆ J ಕಂಡರೆ ಅಲ್ಲೇ ಯಾರೋ ಕೈಯಾಡಿಸಿದ್ದಾರೆ.

ಪದ್ಧತಿಗೂ ಮಿತಿಗಳಿವೆ. ಗೋಕಾಕರ ಕಾದಂಬರಿ ಸಮರಸವೇ ಜೀವನ ಕಾವ್ಯದ ಸಾಲಿಗೆ ಬರುವುದಿಲ್ಲ. ಕಥೆ ಕಾದಂಬರಿಗೆ 3, ಹಾಗಾಗಿ O33,3N09. ಒಬ್ಬನೇ ಲೇಖಕ ಎರಡು ಕಡೆ ಹರಿದು ಹೋದ. ಗೋಕಾಕರನ್ನೇ ಓದಬೇಕು ಅಂತ ಬಂದವರು ಕ್ಯಾಟಲಾಗಿನ ಮೊರೆ ಹೋಗಬೇಕು.

ಇಷ್ಟು ಕಟ್ಟಿದ ಮನುಷ್ಯನ ಉಳಿದ ಬದುಕು ಬೇಗ ಹೇಳಬಹುದು. ಮದ್ರಾಸಿನಲ್ಲಿ ಸುಮಾರು ಎರಡು ದಶಕ. 1945ರಿಂದ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಸುಮಾರು ಒಂದು ಲಕ್ಷ ಪುಸ್ತಕಗಳಿಗೆ ಒಬ್ಬರೇ ಕೂತು ನಂಬರು ಹಾಕಿದರು ಅಂತಾರೆ. ನಂಬುವುದು ಕಷ್ಟ, ಆದರೆ ಅವರ ದುಡಿಮೆಯ ಬಗ್ಗೆ ಬರೆದವರೆಲ್ಲ ಹೇಳುವುದು ಇದನ್ನೇ. ಆಮೇಲೆ ದೆಹಲಿ, ಜ್ಯೂರಿಕ್, ಕಡೆಗೆ ಬೆಂಗಳೂರು. 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಎಂಬ ದಾಖಲೀಕರಣ ಸಂಶೋಧನಾ ಕೇಂದ್ರ ಶುರು ಮಾಡಿದರು. ಸಾರ್ವಜನಿಕ ಗ್ರಂಥಾಲಯಗಳಿಗೆ ಕಾನೂನು ಬೇಕು ಅಂತ 1930ರಿಂದಲೇ ಮಾದರಿ ಮಸೂದೆ ಹಿಡಿದು ಓಡಾಡಿದವರು ಅವರು. ನಮ್ಮ ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆಯೂ ಅವರ ಕೈ ಇದೆ. ನಾವು ಮನೆ ತೆರಿಗೆ ಜತೆ ಕಟ್ಟುವ ಗ್ರಂಥಾಲಯ ಕರ ಬಂದಿದ್ದು ಆ ಕಾಯ್ದೆಯಿಂದ. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಪದ್ಧತಿಯ ಏಳನೇ ಆವೃತ್ತಿ ಬಂದದ್ದು 1987ರಲ್ಲಿ. ಅಷ್ಟು ಜಟಿಲವಾಗಿತ್ತೆಂದರೆ ಎಷ್ಟೋ ಕಡೆ 1960ರ ಆರನೇ ಆವೃತ್ತಿಯಲ್ಲೇ ನಿಂತರು, ಉಳಿದವರು ಡ್ಯೂಯಿಯನ್ನೇ ಹಿಡಿದುಕೊಂಡರು.

ಬಸ್ಸಿನಲ್ಲಿ ಕೂತು ಫೋನಿನಲ್ಲಿ ನಮ್ಮ ಜಿಲ್ಲೆಯ ಕವಿಗಳಿಗೆಲ್ಲ ನಂಬರು ಹಾಕುತ್ತಾ ಬಂದೆ. ಹಿರೇಕೆರೂರು ತಾಲೂಕಿನ ಅಬಲೂರಿನವನು ಅಂತ ಹೇಳುವ ಸರ್ವಜ್ಞನ ಹತ್ತಿರ ಕೈ ನಿಂತಿತು. ಅವನು ಹುಟ್ಟಿದ ವರ್ಷ ಯಾರಿಗೂ ಖಚಿತವಿಲ್ಲ. ಹದಿನಾರನೇ ಶತಮಾನ ಅನ್ನುವವರ ಮಾತು ಕೇಳಿದರೆ J, ಹದಿನೇಳು ಅನ್ನುವವರ ಮಾತು ಕೇಳಿದರೆ K. J ಹಾಕಿದರೆ ಕನಕದಾಸರ ಶತಮಾನಕ್ಕೆ ಸೇರುತ್ತಾನೆ. K ಹಾಕಿದರೆ ಸ್ವಲ್ಪ ಬಲಕ್ಕೆ ಸರಿಯುತ್ತಾನೆ. ಹೇಗಿದ್ದರೂ ಶರೀಫರಿಗಿಂತ ಎಡಕ್ಕೇ. ನಾನು K ಅಂತ ಬರೆದು, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿಕೊಂಡೆ.